ಬಿಸಿಲಿನ ಬಣ್ಣ, ಹುಟ್ಟಿನ ಬಣ್ಣ

"ಬೈಕಲ್ಲಿ ಸುತ್ತಿ ಸುತ್ತಿ ಕೈಯೆಲ್ಲ ಕರ್ರಗಾಗಿದೆ. ಈ ಕ್ರೀಮ್ ಹಚ್ಚು, ಒಂದು ತಿಂಗಳಲ್ಲಿ ಬೆಳ್ಳಗಾಗ್ತೀಯ." ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಈ ಸಲಹೆ ಕೇಳದವರು ಕಡಿಮೆ. ಹಚ್ಚಿಕೊಂಡ ಹಲವರ ಕೈ ತಿಳಿಯಾಗುವುದೂ ನಿಜ. ಆದರೆ ಆ ಕೀರ್ತಿ ಕ್ರೀಮಿಗೆ ಸಲ್ಲಬೇಕಾದದ್ದಲ್ಲ.

ಅಂಗಿ ತೆಗೆದು ಮೇಲ್ತೋಳಿನ ಒಳಬದಿ ನೋಡಿಕೊಳ್ಳಿ. ಬಿಸಿಲು ಅಷ್ಟಾಗಿ ತಾಗದ ಅಲ್ಲಿರುವುದು ಅಪ್ಪ ಅಮ್ಮನಿಂದ ಬಂದ ಬಣ್ಣ. ಸಂಶೋಧಕರು ಒಬ್ಬರ ಮೂಲ ಬಣ್ಣವನ್ನು ಅಳೆಯುವುದೂ ಸಾಮಾನ್ಯವಾಗಿ ಅಲ್ಲೇ. ಮುಂಗೈ, ಹಣೆಯ ಮೇಲೆ ಕಾಣುವುದು ಅದರ ಜೊತೆಗೆ ಬಿಸಿಲು ಕೂಡಿಸಿದ್ದು. ಬಿಸಿಲಿಗೆ ಹೋದ ಎರಡು ಮೂರು ದಿನಕ್ಕೆ ಹೊಸ ಮೆಲನಿನ್ ತಯಾರಾಗಿ ಮೇಲ್ಪದರದ ಜೀವಕೋಶಗಳಿಗೆ ಸೇರುತ್ತದೆ. ಆ ಕೋಶಗಳು ಉದುರಿ ಹೊಸವು ಬರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಈ ನಡುವೆ ತುಂಬು ತೋಳಿನ ಅಂಗಿ ಹಾಕಿ ಓಡಾಡಿದರೂ ಕೈ ತಿಳಿಯಾಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು! ಆದರೆ ಅದು ತಿಳಿಯಾಗುವುದು ಮೇಲ್ತೋಳಿನ ಬಣ್ಣದವರೆಗೆ ಮಾತ್ರ. ಅದಕ್ಕಿಂತಲೂ ಬೆಳ್ಳಗೆ ಮಾಡುತ್ತೇನೆ ಎನ್ನುವ ಡಬ್ಬಿಯಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇರಬಹುದು. ಸ್ಟಿರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಪಾದರಸ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಹೊಲದಲ್ಲಿ ದುಡಿದು ಕಪ್ಪಾದವರಿಗೆ ಕಪ್ಪು ಮಕ್ಕಳು ಹುಟ್ಟುತ್ತಾರೆ ಎಂಬುದು ಇನ್ನೊಂದು ನಂಬಿಕೆ. ಬಿಸಿಲು ಬದಲಿಸುವುದು ಉದುರಿಹೋಗುವ ಚರ್ಮವನ್ನು, ಮಕ್ಕಳಿಗೆ ದಾಟುವ ಜೀನುಗಳನ್ನಲ್ಲ. ಹುಟ್ಟಿನ ಬಣ್ಣ ಹಲವು ಜೀನುಗಳ ಕೆಲಸ. ಭಾರತೀಯರಲ್ಲಿ ಅವುಗಳ ಪೈಕಿ ಮುಖ್ಯವಾದ ಒಂದನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ವಿವರವಾಗಿ ಅಧ್ಯಯನ ಮಾಡಿದರು. ಕಪ್ಪಗಿನವರಲ್ಲಿ ಬಣ್ಣ ತಯಾರಿಸುವ ಕೋಶಗಳೇ ಹೆಚ್ಚು ಎಂಬುದೂ ತಪ್ಪು. ಅವುಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮೆಲನಿನ್ ಕಣಗಳ ಗಾತ್ರದಲ್ಲಿ, ಅವು ಎಷ್ಟು ಕಾಲ ಕರಗದೆ ಉಳಿಯುತ್ತವೆ ಎಂಬುದರಲ್ಲಿ.

ಒಮ್ಮೆ ಕಪ್ಪಾದ ಮೇಲೆ ಬಿಸಿಲು ಏನೂ ಮಾಡದು ಎನ್ನುವವರೂ ಇದ್ದಾರೆ. ಹುಟ್ಟಿನ ಕಪ್ಪು ಬಿಸಿಲು ತಾಗುವ ಮೊದಲೇ ಅಲ್ಲಿರುತ್ತದೆ, ಹಾಗಾಗಿ ನಿಜಕ್ಕೂ ಕಾಯುತ್ತದೆ. ಬಿಸಿಲಿನ ಕಪ್ಪು ಬರುವುದೇ ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದ ಮೇಲೆ. ಅದು ಕೊಡುವ ರಕ್ಷಣೆಯೂ ಎಸ್‌ಪಿಎಫ್ ಮೂರು ನಾಲ್ಕರಷ್ಟೇ.

ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಎರಡಕ್ಕೂ ಸೇರದ ಕಪ್ಪು ಕಣ್ಣಿಗೆ ಬೀಳುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದನ್ನು ಬಿಸಿಲೆಂದೋ ಕೊಳೆಯೆಂದೋ ಕಡಲೆಹಿಟ್ಟು ಹಾಕಿ ಉಜ್ಜುವವರು ಬಹಳ. ಕಂಕುಳಿಗೆ ಬಿಸಿಲೆಲ್ಲಿ ಬೀಳುತ್ತದೆ? ಹೆಚ್ಚಿನವರಲ್ಲಿ ಅದು ದೇಹಕ್ಕೆ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಎಂಬುದರ ಗುರುತು. ಉಜ್ಜುವುದು ಬಿಟ್ಟು ಶುಗರ್ ಪರೀಕ್ಷೆ ಮಾಡಿಸಬೇಕು.