ಅನ್ನಕ್ಕೆ ಮೊದಲು ಪಲ್ಯ

ಹಬ್ಬದೂಟದಲ್ಲಿ ಎಲೆಗೆ ಮೊದಲು ಬೀಳುವುದು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಬಿದ್ದ ತಕ್ಷಣ ಅವನ್ನು ಯಾರೂ ಬಾಯಿಗಿಡುವುದಿಲ್ಲ. ಅನ್ನ ಬರಬೇಕು, ಮೇಲೆ ತೊವ್ವೆ, ತುಪ್ಪ ಬೀಳಬೇಕು, ಆಮೇಲೆ ಊಟ ಶುರು. ಪಲ್ಯವೇನಿದ್ದರೂ ನಡುನಡುವೆ ನಂಜಿಕೊಳ್ಳಲು. ಈಗ ಶುಗರ್ ಇರುವವರಿಗೆ ಎಲ್ಲ ಕಡೆಯಿಂದಲೂ ಬರುತ್ತಿರುವ ಸಲಹೆ ಇದಕ್ಕೆ ತದ್ವಿರುದ್ಧ: ಬಡಿಸಿದ ಕ್ರಮದಲ್ಲೇ ತಿನ್ನಿ, ತರಕಾರಿ, ಬೇಳೆ, ಮೊಟ್ಟೆ, ಮೀನು ಮೊದಲು ಮುಗಿಸಿ, ಅನ್ನ ಅಥವಾ ರೊಟ್ಟಿ ಕೊನೆಗೆ. ತಿನ್ನುವ ಪದಾರ್ಥವೂ ಅದೇ, ಪ್ರಮಾಣವೂ ಅಷ್ಟೇ, ಬದಲಾಗುವುದು ಸರದಿ ಮಾತ್ರ. ಇಷ್ಟಕ್ಕೇ ರಕ್ತದ ಸಕ್ಕರೆ ಕಡಿಮೆ ಏರುತ್ತದೆಯೇ?

ಏರುತ್ತದೆ, ಆದರೆ ಕಡಿಮೆ ಏರುತ್ತದೆ. ಈ ಮಾತಿಗೆ ಗಟ್ಟಿಯಾದ ಆಧಾರವಿದೆ. ಎಷ್ಟು ಕಡಿಮೆ ಎಂಬಲ್ಲಿ ಮಾತ್ರ ಜಾಹೀರಾತಿನ ಧಾಟಿಯ ಉತ್ಪ್ರೇಕ್ಷೆ ನುಸುಳಿಕೊಂಡಿದೆ.

ಹೆಚ್ಚು ಸುದ್ದಿ ಮಾಡಿದ್ದು ನ್ಯೂಯಾರ್ಕಿನ ವೇಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಆಲ್ಪನಾ ಶುಕ್ಲಾ, ಲೂಯಿ ಅರಾನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ. ಟೈಪ್ 2 ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಮೈತೂಕ ಹೆಚ್ಚಿದ್ದ 11 ಜನರಿಗೆ ಒಂದೇ ಊಟವನ್ನು ವಾರದ ಅಂತರದಲ್ಲಿ ಎರಡು ಸಲ ಕೊಟ್ಟರು. ಬ್ರೆಡ್ಡು, ಕಿತ್ತಳೆ ರಸ, ಸುಟ್ಟ ಕೋಳಿಮಾಂಸ, ಸಲಾಡು, ಬೆಣ್ಣೆ ಹಾಕಿದ ಬ್ರಾಕೊಲಿ. ಒಂದು ಸಲ ಬ್ರೆಡ್ಡು ಮತ್ತು ಹಣ್ಣಿನ ರಸ ಮೊದಲು, 15 ನಿಮಿಷ ಬಿಟ್ಟು ಕೋಳಿ, ತರಕಾರಿ. ಇನ್ನೊಂದು ಸಲ ಇದನ್ನೇ ತಿರುಗುಮುರುಗು ಮಾಡಿದರು. ಬ್ರೆಡ್ಡು ಕೊನೆಗೆ ತಿಂದ ದಿನ ಒಂದು ಗಂಟೆಯ ಸಕ್ಕರೆ ಸುಮಾರು ಶೇ 37ರಷ್ಟು, ಎರಡು ಗಂಟೆಯದು ಸುಮಾರು ಶೇ 17ರಷ್ಟು ಕಡಿಮೆ ಇತ್ತು. ರಕ್ತದಲ್ಲಿನ ಇನ್ಸುಲಿನ್ ಕೂಡ ಕಡಿಮೆಯೇ ಇತ್ತು. ಅಂದರೆ ಮೇದೋಜೀರಕ ಗ್ರಂಥಿ ಹೆಚ್ಚು ದುಡಿದು ಸಕ್ಕರೆ ಇಳಿಸಿದ್ದಲ್ಲ, ಅದಕ್ಕೆ ಬಿದ್ದ ಹೊರೆಯೇ ಕಡಿಮೆ.

ಇಲ್ಲೊಂದು ಅನುಮಾನ ಸಹಜವಾಗಿ ಏಳುತ್ತದೆ. ಬ್ರೆಡ್ಡನ್ನು ತಡವಾಗಿ ಕೊಟ್ಟರೆ ಸಕ್ಕರೆಯೂ ತಡವಾಗಿ ಏರುತ್ತದೆ. ಗಡಿಯಾರವನ್ನು ಮೊದಲ ತುತ್ತಿನಿಂದ ಓಡಿಸಿದರೆ ಕಡಿಮೆ ಕಾಣದೆ ಇನ್ನೇನು? ಅದೇ ತಂಡ 2017ರಲ್ಲಿ 16 ಜನರ ಮೇಲೆ ಮೂರು ಗಂಟೆ ಕಾಲ ಅಳತೆ ಮಾಡಿತು. ಆಗಲೂ ಬ್ರೆಡ್ಡು ಕೊನೆಗೆ ತಿಂದವರ ಸಕ್ಕರೆ ಏರಿದ ತುದಿ, ಬ್ರೆಡ್ಡು ಮೊದಲು ತಿಂದಾಗಿನದರ ಅರ್ಧಕ್ಕಿಂತ ಕಡಿಮೆ ಇತ್ತು. ಎಲ್ಲವನ್ನೂ ಸ್ಯಾಂಡ್‌ವಿಚ್‌ ಮಾಡಿ ಒಟ್ಟಿಗೆ ತಿಂದದ್ದಕ್ಕಿಂತಲೂ ಕೆಳಗೇ ಇತ್ತು. ಹಾಗಾಗಿ ಇದು ಬರೀ ಗಡಿಯಾರದ ಕೈಚಳಕವಲ್ಲ.

ಒಳಗೆ ನಡೆಯುವುದೇನು? ತಿಂದ ಅನ್ನ ಹೊಟ್ಟೆಯಲ್ಲಿದ್ದಷ್ಟು ಹೊತ್ತು ಅದರ ಸಕ್ಕರೆ ರಕ್ತ ಸೇರುವುದಿಲ್ಲ. ಜಠರದ ಕೆಳತುದಿಯ ಸಣ್ಣ ದ್ವಾರ ದಾಟಿ ಸಣ್ಣ ಕರುಳಿಗೆ ಇಳಿದ ಮೇಲಷ್ಟೇ ಹೀರುವಿಕೆ. ಬರಿಹೊಟ್ಟೆಗೆ ಮೆತ್ತಗೆ ಬೆಂದ ಅನ್ನ ಬಿದ್ದರೆ ಅದು ಬೇಗ ಇಳಿಯುತ್ತದೆ. ಅದಕ್ಕೆ ಮೊದಲೇ ಪ್ರೋಟೀನು, ಕೊಬ್ಬು ಕರುಳಿಗೆ ತಲುಪಿದ್ದರೆ, ಕರುಳಿನ ಗೋಡೆಯಿಂದ ಜಿಎಲ್‌ಪಿ-1 ಮೊದಲಾದ ಹಾರ್ಮೋನುಗಳು ಹೊರಟು ಜಠರಕ್ಕೆ ನಿಧಾನಿಸಲು ಹೇಳುತ್ತವೆ. ಈಚೆಗೆ ತೂಕ ಇಳಿಸಲು ಚುಚ್ಚಿಸಿಕೊಳ್ಳುವ ದುಬಾರಿ ಔಷಧಿಗಳು ನಕಲು ಮಾಡುವುದು ಇದೇ ಜಿಎಲ್‌ಪಿ-1 ಅನ್ನು. ಜಪಾನಿನ ಹಿತೋಷಿ ಕುವಾಟ, ಡೈಸುಕೆ ಯಾಬೆ ಮತ್ತಿತರರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಬ್ರೆಡ್ಡಿನ ಬದಲು ಅನ್ನವಿತ್ತು. ಅನ್ನಕ್ಕೆ 15 ನಿಮಿಷ ಮೊದಲು ಮೀನು ಅಥವಾ ಮಾಂಸ ತಿಂದಾಗ ಜಠರ ಬರಿದಾಗಲು ಹೆಚ್ಚು ಹೊತ್ತು ಹಿಡಿಯಿತು, ಜಿಎಲ್‌ಪಿ-1 ಹೆಚ್ಚಿತು, ಸಕ್ಕರೆಯ ಏರಿಕೆ ತಗ್ಗಿತು. ಮಧುಮೇಹಿಗಳಲ್ಲೂ, ಆರೋಗ್ಯವಂತರಲ್ಲೂ ಹೀಗೆಯೇ ಆಯಿತು. ತರಕಾರಿಯ ಪಾಲೂ ಇದರಲ್ಲಿದೆ: ಅದರ ನಾರು ಹೊಟ್ಟೆಯಲ್ಲಿನ ಮಿಶ್ರಣವನ್ನು ಮಂದ ಮಾಡಿ ಸಕ್ಕರೆ ಕರುಳಿನ ಗೋಡೆ ತಲುಪುವುದನ್ನು ತಡೆತಡೆದು ಬಿಡುತ್ತದೆ. 2020ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನದಲ್ಲೂ ತರಕಾರಿ, ಆಮೇಲೆ ಕೋಳಿ, ಕೊನೆಗೆ ಬಿಳಿ ಅನ್ನ ಎಂಬ ಸರದಿ ಒಳ್ಳೆಯ ಫಲ ಕೊಟ್ಟಿತು.

ಇನ್ನು ನಮ್ಮ ತಟ್ಟೆಗೆ ಬರೋಣ. ಆ ಶೇ 37 ಎಂಬ ಅಂಕಿಯನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬರಲಾಗುವುದಿಲ್ಲ. ಅಲ್ಲಿ ಹೋಲಿಸಿದ್ದು ಬರಿಹೊಟ್ಟೆಗೆ ಬರೀ ಬ್ರೆಡ್ಡು, ಹಣ್ಣಿನ ರಸ ತಿಂದುದರ ಜೊತೆ. ನಾವು ಬರೀ ಅನ್ನ ತಿನ್ನುವುದೆಲ್ಲಿ? ಸಾರು, ಹುಳಿ, ಪಲ್ಯ ಕಲೆಸಿ ತಿನ್ನುತ್ತೇವೆ. ಅಂದರೆ ನಮ್ಮ ಈಗಿನ ಊಟವೇ ಆ ಸ್ಯಾಂಡ್‌ವಿಚ್ ಜಾತಿಗೆ ಹತ್ತಿರ. ಸರದಿ ಬದಲಿಸಿದರೆ ಸಿಗುವ ಲಾಭ ಅಷ್ಟರಮಟ್ಟಿಗೆ ಕಿರಿದು.

ಎರಡನೆಯ ತೊಡಕು ಸಸ್ಯಾಹಾರಿಗಳದು. ಪ್ರಯೋಗದಲ್ಲಿ 100 ಗ್ರಾಂ ಕೋಳಿಯಿತ್ತು, ಅದರಲ್ಲಿ ಪಿಷ್ಟವೇ ಇಲ್ಲ. ನಾವು ಪ್ರೋಟೀನ್ ಎಂದುಕೊಳ್ಳುವ ಬೇಳೆಯಲ್ಲಿ ಪ್ರೋಟೀನಿಗಿಂತ ಪಿಷ್ಟವೇ ಹೆಚ್ಚು. 30 ಗ್ರಾಂ ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡಿದರೆ ಸುಮಾರು 7 ಗ್ರಾಂ ಪ್ರೋಟೀನು, ಜೊತೆಗೆ ಅದರ ಎರಡೂವರೆ ಪಟ್ಟು ಕಾರ್ಬೋಹೈಡ್ರೇಟು. ಇದರಿಂದ ಕೋಸಂಬರಿ ಕೆಟ್ಟದ್ದೆಂದಲ್ಲ. ಬೇಳೆಯ ಪಿಷ್ಟ ಅನ್ನದ್ದಕ್ಕಿಂತ ನಿಧಾನ. ಆದರೆ ತೆಳ್ಳಗಿನ ತಿಳಿಸಾರು ಒಂದು ಲೋಟ ಕುಡಿದು ಪ್ರೋಟೀನ್ ಆಯಿತು ಅನ್ನುವ ಹಾಗಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನಿದೆ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಇವು ಈ ಕೆಲಸಕ್ಕೆ ಒದಗುತ್ತವೆ. ಪಲ್ಯದಲ್ಲೂ ಜಾತಿ ನೋಡಬೇಕು. ಹುರುಳಿಕಾಯಿ, ಎಲೆಕೋಸು, ಸೊಪ್ಪು, ಹೀರೆ, ಸೋರೆ ಸರಿ. ಆಲೂಗಡ್ಡೆ ಪಲ್ಯ ತರಕಾರಿಯ ವೇಷದಲ್ಲಿರುವ ಅನ್ನವೇ.

ಒಂದು ಮಧ್ಯಾಹ್ನದ ಊಟ ತೆಗೆದುಕೊಳ್ಳಿ. 75 ಗ್ರಾಂ ಅಕ್ಕಿಯ ಅನ್ನ, ಅಂದರೆ ಬೆಂದ ಮೇಲೆ 200 ಗ್ರಾಂ ಆಸುಪಾಸು, ಅದರಲ್ಲಿ 58 ಗ್ರಾಂನಷ್ಟು ಕಾರ್ಬೋಹೈಡ್ರೇಟು. ಜೊತೆಗೆ ಒಂದು ದೊಡ್ಡ ಬಟ್ಟಲು ಹುರುಳಿಕಾಯಿ ಪಲ್ಯ, ಎರಡು ಬೇಯಿಸಿದ ಮೊಟ್ಟೆ, ಸಾರು, ಮಜ್ಜಿಗೆ. ಮೊದಲು ಪಲ್ಯ ಮತ್ತು ಮೊಟ್ಟೆ ಅಗಿದು ಮುಗಿಸಿ, ಹತ್ತು ನಿಮಿಷ ಸುಮ್ಮನಿದ್ದು ಅನ್ನ-ಸಾರು ತಿನ್ನಬೇಕು. ಪಲ್ಯಕ್ಕೆ ಉಪ್ಪು, ಖಾರ ಸ್ವಲ್ಪ ಕಡಿಮೆಯಿರಲಿ. ಅನ್ನಕ್ಕೆ ನಂಜಿಕೊಳ್ಳಲೆಂದು ಹದ ಮಾಡಿದ ಪಲ್ಯವನ್ನು ಬರಿದೇ ಬಟ್ಟಲುಗಟ್ಟಲೆ ತಿನ್ನಲಾಗದೆ ಅನೇಕರು ಎರಡೇ ದಿನಕ್ಕೆ ಬಿಟ್ಟುಬಿಡುವುದುಂಟು.

ಇದು ನಿಮ್ಮ ಮೈಯಲ್ಲಿ ಕೆಲಸ ಮಾಡುತ್ತದೆಯೇ ಎಂದು ಮನೆಯ ಗ್ಲುಕೋಮೀಟರಿನಲ್ಲಿ ನೋಡಬಹುದು. ಒಂದು ದಿನ ಎಂದಿನಂತೆ ಕಲೆಸಿ ತಿನ್ನಿ, ಇನ್ನೊಂದು ದಿನ ಸರದಿಯಲ್ಲಿ. ಎರಡೂ ದಿನ ಅಕ್ಕಿ ತೂಗಿ ಹಾಕಬೇಕು, ಊಟದ ಹೊತ್ತು, ಮಾತ್ರೆ, ನಡಿಗೆ ಎಲ್ಲ ಒಂದೇ ಇರಬೇಕು. ಊಟಕ್ಕೆ ಮೊದಲು, ಆಮೇಲೆ ಮೊದಲ ತುತ್ತಿನಿಂದ ಲೆಕ್ಕ ಹಾಕಿ ಒಂದು, ಎರಡು, ಮೂರು ಗಂಟೆಗೆ ನೋಡಿ. ಮೂರನೆಯದನ್ನು ಬಿಟ್ಟರೆ ತಡವಾಗಿ ಬಂದ ಏರಿಕೆ ತಪ್ಪಿಹೋಗಿ, ಸಕ್ಕರೆ ಇಳಿಯಿತೆಂಬ ಸುಳ್ಳು ಸಮಾಧಾನವಾಗುತ್ತದೆ. ಕೈಯಲ್ಲಿ ಕಲೆಸಿ ಉಣ್ಣುವ ನಮಗೆ ಇನ್ನೊಂದು ಎಚ್ಚರಿಕೆ: ಬೆರಳಿಗೆ ಪಾಯಸ, ಹಣ್ಣು ಅಂಟಿದ್ದರೆ ಮೀಟರು ಅದನ್ನೂ ರಕ್ತದ ಸಕ್ಕರೆ ಎಂದೇ ಎಣಿಸುತ್ತದೆ. ಸೋಪು ಹಾಕಿ ತೊಳೆದು, ಒಣಗಿಸಿ, ಉಣ್ಣದ ಎಡಗೈ ಬೆರಳಿಗೆ ಚುಚ್ಚುವುದು ಮೇಲು.

ಕಲೆಸಿ ತಿಂದ ದಿನ ಒಂದು ಗಂಟೆಗೆ 205, ಸರದಿಯಲ್ಲಿ ತಿಂದ ದಿನ 180 ಬಂತೆನ್ನಿ. ಗೆದ್ದೆವು ಅನ್ನಬಹುದೇ? ಇನ್ನೂ ಇಲ್ಲ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೀಟರು 100ರ ಮೇಲಿನ ಅಂಕಿಯಲ್ಲಿ ಶೇ 15ರಷ್ಟು ಆಚೀಚೆ ತೋರಿಸಿದರೂ ಪಾಸು. 205 ಎಂದು ತೋರಿಸಿದ್ದು ನಿಜದಲ್ಲಿ 180 ಇದ್ದೀತು. ಹಾಗಾಗಿ ಇದೇ ಜೋಡಿಯನ್ನು ಮೂರು ಬಾರಿ ಮಾಡಿ, ಮೂರು ಸಲವೂ ಅಂಕಿ ಒಂದೇ ಕಡೆ ವಾಲಿದರೆ ನಂಬಬಹುದು. ಸ್ಟ್ರಿಪ್ಪಿನ ಖರ್ಚು ನೆನೆದು ಒಂದೇ ದಿನಕ್ಕೆ ತೀರ್ಮಾನಕ್ಕೆ ಬರುವುದಕ್ಕಿಂತ, ನೋಡದೇ ಇರುವುದೇ ವಾಸಿ.

ಊಟದ ಬಳಿಕದ ಏರಿಕೆ ತಗ್ಗಿದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಇಳಿಯಬೇಕಲ್ಲ? ಇಲ್ಲಿ ಉತ್ತರ ಅಷ್ಟು ಹುರುಪಿನದಲ್ಲ. ಜಪಾನಿನ ಸಾಯೆಕೊ ಇಮಾಯಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ತರಕಾರಿ ಮೊದಲು’ ಎಂದು ಕಲಿಸಿದವರ ಎಚ್‌ಬಿಎ1ಸಿ ಎರಡು ವರ್ಷದಲ್ಲಿ 8.3ರಿಂದ 6.8ಕ್ಕೆ ಬಂತು, ಮಾಮೂಲಿ ಪಥ್ಯದ ಲೆಕ್ಕ ಕಲಿತವರದು 8.2ರಿಂದ 7.3ಕ್ಕೆ. ಆದರೆ ತರಕಾರಿ ಮೊದಲು ತಿನ್ನಿ ಎಂದರೆ ಜನ ತರಕಾರಿಯನ್ನೇ ಹೆಚ್ಚು ತಿನ್ನತೊಡಗುತ್ತಾರೆ, ಹೊಟ್ಟೆ ತುಂಬಿ ಅನ್ನ ತಾನೇ ಕಡಿಮೆಯಾಗುತ್ತದೆ. ಲಾಭ ಸರದಿಯದೋ, ಪ್ರಮಾಣದ್ದೋ ಬಿಡಿಸಿ ಹೇಳುವುದು ಕಷ್ಟ. 2022ರಲ್ಲಿ ಇಂಥ ದೀರ್ಘ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಮರ್ಶೆಗೆ, ಸರದಿಯೊಂದರಿಂದಲೇ ಎಚ್‌ಬಿಎ1ಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ, ಸರದಿಗಿಂತ ಅನ್ನದ ಸೌಟು ಒಂದು ಕಡಿಮೆಯಾಗುವುದೇ ದೊಡ್ಡ ಲಾಭ. ಸರದಿ ಅದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ಅದರ ಅರ್ಧ ಮಹಿಮೆ.

ಇದನ್ನು ಡಾಕ್ಟರನ್ನು ಕೇಳದೆ ಶುರು ಮಾಡಬಾರದವರೂ ಇದ್ದಾರೆ. ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಅನ್ನದ ಸಕ್ಕರೆ ತಡವಾಗಿ ಬಂದು ಇನ್ಸುಲಿನ್ ಮೊದಲೇ ಮುಟ್ಟಿದರೆ, ಊಟದ ನಡುವೆಯೇ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ಹಳೆಯ ಮಧುಮೇಹದಿಂದ ಜಠರದ ನರಗಳೇ ದುರ್ಬಲವಾಗಿ, ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬರಿಸುವವರಿಗೆ ಜಠರವನ್ನು ಇನ್ನಷ್ಟು ನಿಧಾನಿಸುವುದು ಉಪದ್ರವವೇ. ಮೂತ್ರಪಿಂಡದ ತೊಂದರೆಯಿರುವವರು ಮೊಟ್ಟೆ, ಪನೀರನ್ನು ತಾವಾಗಿ ಹೆಚ್ಚಿಸಿಕೊಳ್ಳಬಾರದು.

ಮುದ್ದೆಯೂಟಕ್ಕೆ ಈ ಕ್ರಮ ಹೊಂದುತ್ತದೆ: ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಮೊದಲು, ಮುದ್ದೆ ಆಮೇಲೆ. ಚಪಾತಿಯೂ ಪರವಾಗಿಲ್ಲ, ಪಲ್ಯದ ಮುಕ್ಕಾಲು ಪಾಲು ಮೊದಲೇ ತಿಂದು ಉಳಿದದ್ದರಲ್ಲಿ ಚಪಾತಿ ಮುಗಿಸಬಹುದು. ಸೋಲುವುದು ಬೆಳಗಿನ ತಿಂಡಿಯಲ್ಲಿ. ಚಿತ್ರಾನ್ನ, ಉಪ್ಪಿಟ್ಟು, ಬಿಸಿಬೇಳೆಬಾತುಗಳಲ್ಲಿ ತರಕಾರಿಯನ್ನು ಹೆಕ್ಕಿ ತೆಗೆಯುವ ಮಾತೇ ಇಲ್ಲ. ಅಲ್ಲಿರುವ ಉಪಾಯ ಒಂದೇ. ತಿಂಡಿ ತಟ್ಟೆಗೆ ಬರುವ ಹತ್ತು ನಿಮಿಷ ಮೊದಲು ಮೊಟ್ಟೆಯೋ, ಒಂದು ಹಿಡಿ ಕಡಲೆಕಾಯಿ ಹಾಕಿದ ಸೌತೆಕಾಯಿ ಕೋಸಂಬರಿಯೋ ಹೊಟ್ಟೆಗೆ ಬೀಳಬೇಕು, ಉಪ್ಪಿಟ್ಟಿನ ಪಾಲನ್ನು ಅಷ್ಟರಮಟ್ಟಿಗೆ ತಗ್ಗಿಸಬೇಕು.