ಸಹೋದ್ಯೋಗಿಯ ತಾಯಿ ತೀರಿಕೊಂಡಾಗ

ಕಚೇರಿಯ ವಾಟ್ಸಾಪ್ ಗುಂಪಿಗೆ ಸಾವಿನ ಸುದ್ದಿ ಬಂದರೆ ಸಾಕು, ‘ಓಂ ಶಾಂತಿ’ಗಳೂ ಕೈಮುಗಿದ ಚಿತ್ರಗಳೂ ಒಂದರ ಹಿಂದೊಂದು ಬೀಳುತ್ತವೆ. ಹಾಕುವುದು ತಪ್ಪಲ್ಲ. ಆದರೆ ದಿನಾ ಪಕ್ಕದ ಮೇಜಿನಲ್ಲಿ ಕೂರುವವರು ಅಷ್ಟಕ್ಕೇ ಕೈತೊಳೆದುಕೊಳ್ಳಬಾರದು. ಅವರಿಗೆಂದೇ ಬೇರೆಯಾಗಿ ನಾಲ್ಕು ಸಾಲು ಬರೆಯಬೇಕು.

ಲೆಕ್ಕಪತ್ರ ವಿಭಾಗದ ಹಿರಿಯ ಮಹಿಳೆಯೊಬ್ಬರ ತಾಯಿ ತೀರಿಕೊಂಡಿದ್ದಾರೆ ಎನ್ನಿ. ಹೀಗೆ ಬರೆಯಬಹುದು:

“ಮೇಡಂ, ಅಮ್ಮ ತೀರಿಕೊಂಡ ವಿಷಯ ಬೆಳಿಗ್ಗೆ ಗೊತ್ತಾಯಿತು. ತುಂಬಾ ಸಂಕಟವಾಯಿತು. ಹಬ್ಬ ಬಂದರೆ ನಮಗೆಲ್ಲ ಅವರು ಕಟ್ಟಿ ಕಳಿಸುತ್ತಿದ್ದ ಹೋಳಿಗೆ ನೆನಪಾಯಿತು. ತಿಂಗಳ ಕೊನೆಯ ಬಿಲ್ಲುಗಳನ್ನು ನಾನು ನೋಡಿಕೊಳ್ಳುತ್ತೇನೆ, ಸಾಹೇಬರಿಗೂ ಹೇಳಿದ್ದೇನೆ. ಕಾರ್ಯಗಳನ್ನೆಲ್ಲ ಮುಗಿಸಿಕೊಂಡು ನಿಧಾನವಾಗಿ ಬನ್ನಿ. ಇದಕ್ಕೆ ಉತ್ತರ ಬರೆಯಬೇಕಿಲ್ಲ.”

ಬರೀ ‘ಅಮ್ಮ’ ಎನ್ನುವುದು ಸಲುಗೆಯಿದ್ದಲ್ಲಿ ಮಾತ್ರ ಸರಿ. ಇಲ್ಲದಿದ್ದರೆ ‘ನಿಮ್ಮ ತಾಯಿಯವರು’ ಎಂದೇ ಬರೆಯಿರಿ. ಹೋಳಿಗೆಯ ಜಾಗದಲ್ಲಿ ನಿಮಗೆ ನಿಜವಾಗಿ ನೆನಪಿರುವುದೊಂದು ಬರಲಿ. ಅವರನ್ನು ನೋಡಿಯೇ ಇಲ್ಲವಾದರೆ ಮಗಳ ಬಾಯಲ್ಲಿ ಕೇಳಿದ್ದನ್ನು ಬರೆಯಬಹುದು. ಅದೂ ಇಲ್ಲವೆಂದರೆ ಆ ಸಾಲೇ ಬೇಡ. ಕಟ್ಟಿದ ನೆನಪು ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ.

‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತಿನಲ್ಲಿ ಒಂದು ತೊಡಕಿದೆ. ಏನು ಬೇಕೆಂದು ಯೋಚಿಸುವ, ಬಾಯಿಬಿಟ್ಟು ಕೇಳುವ ಕೆಲಸ ಮತ್ತೆ ದುಃಖದಲ್ಲಿರುವವರ ಮೇಲೇ ಬೀಳುತ್ತದೆ. ಮನೆಯಲ್ಲಿ ಹನ್ನೊಂದನೆಯ, ಹದಿಮೂರನೆಯ ದಿನದ ಓಡಾಟವಿರುವಾಗ ಕಚೇರಿಯ ಯಾವ ಕೆಲಸ ಬಾಕಿ ಉಳಿಯಿತು ಎಂಬ ಆತಂಕವೂ ಒಳಗೆ ಇರುತ್ತದೆ. ಸಹೋದ್ಯೋಗಿಯಾದ ನೀವು ಇಳಿಸಬಹುದಾದ ಹೊರೆ ಅದೊಂದೇ. ಅದಕ್ಕೇ ಬಿಲ್ಲಿನ ಮಾತು.

ಪತ್ರಿಕೆಯ ಶ್ರದ್ಧಾಂಜಲಿ ಭಾಷೆ ಇಲ್ಲಿ ಹೊಂದುವುದಿಲ್ಲ. ‘ತುಂಬಲಾರದ ನಷ್ಟ’ ಎಂದರೆ ಯಾರೋ ಮುಖಂಡರ ಕುರಿತು ಹೇಳಿಕೆ ಕೊಟ್ಟಂತಾಗುತ್ತದೆ. ಎಂಬತ್ತೈದು ದಾಟಿದವರ ಸಾವಿಗೂ ‘ಅಕಾಲಿಕ ನಿಧನ’ ಎಂದು ಬರೆಯುವವರಿದ್ದಾರೆ! ‘ಲಿಂಗೈಕ್ಯರಾದರು’ ಎಂಬುದು ಲಿಂಗಾಯತರ ಮನೆಗೆ ಸಲ್ಲುವ ಮಾತು. ‘ವೈಕುಂಠವಾಸಿ’ ಎಂದರೆ ಎಲ್ಲರಿಗೂ ಒಪ್ಪುವುದಿಲ್ಲ. ಮನೆಯ ನಂಬಿಕೆ ತಿಳಿಯದಿದ್ದರೆ ‘ತೀರಿಕೊಂಡರು’ ಸಾಕು, ಎಲ್ಲಿಯೂ ಎಡವುವುದಿಲ್ಲ.

‘ಏನಾಗಿತ್ತು? ಯಾವ ಆಸ್ಪತ್ರೆ?’ ಎಂದು ಕೇಳಬೇಡಿ. ‘ವಯಸ್ಸಾಗಿತ್ತಲ್ಲ, ನರಳದೆ ಹೋದರು’ ಎಂಬ ಸಮಾಧಾನವೂ ಬೇಡ. ಆ ಮಾತನ್ನು ಮಕ್ಕಳೇ ಆಡಿದರೆ ಹೂಂ ಎನ್ನಬಹುದು, ನಾವಾಗಿ ಆಡಬಾರದು.

ಸುದ್ದಿ ತಡವಾಗಿ ತಿಳಿದರೆ ಹಲವರು ಸಂಕೋಚದಿಂದ ಸುಮ್ಮನಾಗಿಬಿಡುತ್ತಾರೆ. ತಿಂಗಳಾದ ಮೇಲೂ ಬರೆಯಬಹುದು. ‘ಈಗಷ್ಟೇ ತಿಳಿಯಿತು’ ಎಂದು ಒಂದೇ ಮಾತಿನಲ್ಲಿ ಹೇಳಿ, ತಡವಾದುದಕ್ಕೆ ಕಾರಣಗಳನ್ನು ಪೋಣಿಸದೆ, ನೇರವಾಗಿ ಅವರ ತಾಯಿಯ ವಿಷಯಕ್ಕೆ ಬನ್ನಿ.