‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ’ ಅಂದರೆ ಯಾವ ಮಾಡೆಲ್‌ಗೆ?

ನಮ್ಮ ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಕೆಂಪು ದೀಪ ಮಿನುಗತೊಡಗಿ ವಾರವಾಗಿತ್ತು. ಫೋನಿನಲ್ಲಿ ಬ್ರ್ಯಾಂಡಿನ ಹೆಸರು ಹಾಕಿ ಹುಡುಕಿದರೆ ಹತ್ತಾರು ಫಿಲ್ಟರ್ ಸೆಟ್ಟುಗಳು ಸಾಲಾಗಿ ಬಂದವು. ಒಂದರ ಕೆಳಗೆ ‘ಎಲ್ಲ ಮಾಡೆಲ್‌ಗೂ ಹೊಂದುತ್ತದೆ, ಬಾಳಿಕೆ 12 ತಿಂಗಳು’ ಎಂದಿತ್ತು. ಬೆಲೆಯೂ ಕೈಗೆಟುಕುವಂತಿತ್ತು, ತರಿಸಿದೆ. ಡಬ್ಬಿ ಬಿಚ್ಚಿದರೆ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರುಗಳ ಬಾಯಿಗೆ ತಿರುಪಿನ ಸುತ್ತುಗಳಿದ್ದವು. ನಮ್ಮ ಯಂತ್ರದ್ದು ಪೈಪನ್ನು ಸುಮ್ಮನೆ ಒತ್ತಿ ಸಿಕ್ಕಿಸುವ ಬಗೆ. ಅವೆರಡನ್ನೂ ವಾಪಸು ಕಳಿಸಿದೆ. ಮೆಂಬ್ರೇನ್ ಮಾತ್ರ ಅಳತೆಗೆ ಹೊಲಿಸಿದ ಹಾಗೆ ಕೂತಿತು. ಕೂತದ್ದೆಲ್ಲ ಹೊಂದಿದ್ದಲ್ಲ ಎಂದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಮೊದಲ ತಪ್ಪು ಹುಡುಕಿದ ರೀತಿಯಲ್ಲೇ ಇತ್ತು. ಯಂತ್ರದ ಮುಖದ ಮೇಲೆ ದೊಡ್ಡದಾಗಿ ಬರೆದಿರುವುದು ಮಾರಾಟದ ಹೆಸರು. ಅದೇ ಹೆಸರಿನಲ್ಲಿ ಕಂಪನಿಗಳು ಒಳಗಿನ ಜೋಡಣೆಯನ್ನು ಬದಲಿಸಿ ಮತ್ತೆ ಮತ್ತೆ ಮಾರುವುದುಂಟು. ನಿಜವಾದ ಮಾಡೆಲ್ ಸಂಖ್ಯೆ ಯಂತ್ರದ ಹಿಂಬದಿಗೋ ತಳಕ್ಕೋ ಅಂಟಿಸಿದ ಚೀಟಿಯಲ್ಲಿ, ತಯಾರಾದ ತಿಂಗಳಿನ ಜೊತೆ ಇರುತ್ತದೆ. ಗೋಡೆಗೆ ತೂಗುಹಾಕಿದ ಯಂತ್ರವಾದರೆ ಫೋನನ್ನು ಸಂದಿಗೆ ತೂರಿಸಿ ಫೋಟೊ ತೆಗೆದುಕೊಳ್ಳುವುದೇ ಸುಲಭ. ಅದಕ್ಕಿಂತ ಗಟ್ಟಿ ಸಾಕ್ಷಿ ಬಿಚ್ಚಿದ ಹಳೆಯ ಕಾರ್ಟ್ರಿಜ್. ಅದರ ಮೇಲಿನ ಬಿಡಿಭಾಗದ ಸಂಖ್ಯೆ, ಉದ್ದ, ಎರಡೂ ತುದಿಗಳ ಆಕಾರ ಇವಿಷ್ಟನ್ನು ಮಾರಾಟದ ಪುಟದ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ತುದಿಗಳ ಚಿತ್ರವನ್ನೇ ಹಾಕದ, ಮಾಡೆಲ್ ಸಂಖ್ಯೆಗಳ ಪಟ್ಟಿ ಕೊಡದೆ ಬ್ರ್ಯಾಂಡಿನ ಹೆಸರನ್ನಷ್ಟೇ ಹೇಳುವ ಪುಟವನ್ನು ದಾಟಿ ಮುಂದೆ ಹೋಗುವುದು ಒಳ್ಳೆಯದು.

ಇನ್ನು ಮೆಂಬ್ರೇನ್. ಇದರ ಸಂಖ್ಯೆ ಓದಲು ಬಂದರೆ ಅರ್ಧ ಮೋಸ ತಪ್ಪುತ್ತದೆ. ಹಳೆಯದರ ಮೇಲೆ 1812-75 ಎಂದಿತ್ತು. ಮೊದಲ ನಾಲ್ಕು ಅಂಕಿಗಳು ಗಾತ್ರ: ಸುಮಾರು 1.8 ಇಂಚು ದಪ್ಪ, 12 ಇಂಚು ಉದ್ದ. ಕೊನೆಯ 75 ಎಂದರೆ ದಿನಕ್ಕೆ 75 ಗ್ಯಾಲನ್, ಅಂದರೆ ಸುಮಾರು 284 ಲೀಟರ್ ಶುದ್ಧ ನೀರು. ಗಂಟೆಗೆ ಲೆಕ್ಕ ಹಾಕಿದರೆ 12 ಲೀಟರಿಗೂ ತುಸು ಕಡಿಮೆ. ಅದೂ ಗೊತ್ತುಪಡಿಸಿದ ಒತ್ತಡ, ಉಷ್ಣತೆ ಮತ್ತು ಕಡಿಮೆ ಲವಣದ ನೀರಿನಲ್ಲಿ ಪರೀಕ್ಷಿಸಿದಾಗ ಸಿಗುವ ಅಂಕಿ. ನಾನು ತರಿಸಿದ್ದರ ಮೇಲೆ 1812-100 ಎಂದಿತ್ತು. ಗಾತ್ರ ಒಂದೇ ಆದ್ದರಿಂದ ಕೂತಿತು. ನೂರು ಎಪ್ಪತ್ತೈದಕ್ಕಿಂತ ಹೆಚ್ಚು, ಇನ್ನೂ ಒಳ್ಳೆಯದೇ ಎಂದುಕೊಂಡೆ.

ಮೆಂಬ್ರೇನ್ ಒಂಟಿಯಾಗಿ ದುಡಿಯುವುದಿಲ್ಲ. ಅದರಿಂದ ಹೊರಬೀಳುವ ತ್ಯಾಜ್ಯ ನೀರಿನ ಪೈಪಿನಲ್ಲಿ ಕಿರುಬೆರಳಿನಷ್ಟು ಪ್ಲಾಸ್ಟಿಕ್ ತುಂಡೊಂದಿದೆ, ಅದಕ್ಕೆ ಫ್ಲೋ ರಿಸ್ಟ್ರಿಕ್ಟರ್ ಎನ್ನುತ್ತಾರೆ. ನಿಮಿಷಕ್ಕೆ ಇಷ್ಟೇ ನೀರು ಹೊರಹೋಗಲಿ ಎಂದು ತಡೆದು, ಒಳಗೆ ಒತ್ತಡ ಉಳಿಸುವುದು ಅದರ ಕೆಲಸ. ನಮ್ಮದರ ಮೇಲೆ 300 ಎಂದು ಬರೆದಿದೆ, ನಿಮಿಷಕ್ಕೆ 300 ಮಿಲಿಲೀಟರ್. ಹಳೆಯ ಮೆಂಬ್ರೇನಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು ಲೀಟರ್ ಹೊರಹೋಗುತ್ತಿತ್ತು. ಹೊಸದು ಬಂದ ಮೇಲೆ ಬಕೆಟ್ ಇಟ್ಟು ಅಳೆದರೆ ಒಂದಕ್ಕೆ ಒಂದೂವರೆಯೂ ಇಲ್ಲ. ನೀರು ಉಳಿಯಿತು ಎಂದು ಖುಷಿಪಟ್ಟೆ. ಆದರೆ ಶುದ್ಧ ನೀರು ಹೆಚ್ಚು ಹೊರಬಂದಷ್ಟೂ ಲವಣವೆಲ್ಲ ಉಳಿದ ಕಡಿಮೆ ನೀರಿನಲ್ಲೇ ಮಂದವಾಗುತ್ತದೆ. ನಮ್ಮದು ಗಡಸು ಬೋರ್‌ವೆಲ್ ನೀರು. ಹಂಡೆಯ ಒಳಗೆ ಕಟ್ಟುವ ಬಿಳಿ ಸುಣ್ಣ ಮೆಂಬ್ರೇನಿನ ಪದರಗಳ ಮೇಲೂ ಕಟ್ಟಿತು.

ಗೊತ್ತಾದದ್ದು ಅಗ್ಗದ ಟಿಡಿಎಸ್ ಮೀಟರಿನಿಂದ. ಹಾಕಿದ ದಿನ ಒಳಬರುವ ನೀರು 820, ಹೊರಬರುವುದು 58. ಅಂದರೆ ನೂರಕ್ಕೆ 93 ಪಾಲು ಲವಣ ತಡೆಯುತ್ತಿತ್ತು. ನಾಲ್ಕು ತಿಂಗಳಿಗೆ ಒಳಬರುವುದು ಅದೇ 820, ಹೊರಬರುವುದು 190. ತಡೆ 77ಕ್ಕೆ ಇಳಿದಿತ್ತು, ನೀರಿನ ಧಾರೆಯೂ ಸಣ್ಣಗಾಗಿತ್ತು. ಹೀಗೆ ನಿಧಾನಕ್ಕೆ ಇಳಿದರೆ ಮೆಂಬ್ರೇನ್ ದಣಿದಿದೆ ಎಂದು ಅರ್ಥ. ಹೊಸದು ಹಾಕಿದ ದಿನವೇ ಟಿಡಿಎಸ್ ಏರಿದ್ದರೆ, ಮೆಂಬ್ರೇನಿನ ಕಡ್ಡಿಯಂಥ ತುದಿಯ ಎರಡು ರಬ್ಬರ್ ಉಂಗುರಗಳು ಮಡಚಿಕೊಂಡು ಶುದ್ಧ ನೀರಿಗೆ ಹಸಿ ನೀರು ಸೇರುತ್ತಿರಬಹುದು. ಯಂತ್ರದಲ್ಲಿ ಟಿಡಿಎಸ್ ಹೊಂದಿಸುವ ತಿರುಗಣೆಯಿದ್ದರೆ ಅದನ್ನು ಮುಚ್ಚಿಯೇ ಅಳೆಯಬೇಕು. ಇಲ್ಲದಿದ್ದರೆ ಬೇಕೆಂದೇ ಬೆರೆಸಿದ ನೀರು ಲೆಕ್ಕ ಕೆಡಿಸುತ್ತದೆ. ಈ ಮೀಟರು ಲವಣದ ಸುಳಿವು ಕೊಡುತ್ತದೆಯೇ ಹೊರತು ರೋಗಾಣುಗಳದ್ದಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ‘ಬಾಳಿಕೆ 12 ತಿಂಗಳು’ ಎಂಬುದು ಸುಳ್ಳೇ? ಅದು ಅರ್ಧ ಹೇಳಿದ ಮಾತು. ಸರಿಯಾದ ಪುಟದಲ್ಲಿ ತಿಂಗಳಿನ ಪಕ್ಕ ಲೀಟರೂ ಇರುತ್ತದೆ, ‘ಯಾವುದು ಮೊದಲೋ ಅದು’ ಎಂಬ ಮಾತೂ ಇರುತ್ತದೆ, ಒಳಬರುವ ನೀರಿನ ಟಿಡಿಎಸ್ ಎಷ್ಟಿರಬೇಕೆಂಬ ಷರತ್ತೂ ಇರುತ್ತದೆ. ಲೀಟರಿನಲ್ಲೂ ಒಂದು ಸಿಕ್ಕಿದೆ. ‘6000 ಲೀಟರ್’ ಎಂದರೆ ಕುಡಿಯಲು ಸಿಗುವ ನೀರೋ, ಯಂತ್ರಕ್ಕೆ ನುಗ್ಗುವ ನೀರೋ? ನಮ್ಮ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕು. ಶುದ್ಧ ನೀರಿನ ಲೆಕ್ಕವಾದರೆ 6000 ಲೀಟರ್ 300 ದಿನ ಬರುತ್ತದೆ. ಆದರೆ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರುಗಳು ಮೆಂಬ್ರೇನಿಗಿಂತ ಮುಂಚೆ ಇರುವುದರಿಂದ, ತ್ಯಾಜ್ಯವಾಗಿ ಹೋಗುವ 40 ಲೀಟರೂ ಅವುಗಳ ಮೂಲಕವೇ ಹಾಯುತ್ತದೆ. ನುಗ್ಗುವ ನೀರಿನ ಲೆಕ್ಕವಾದರೆ ದಿನಕ್ಕೆ 60 ಲೀಟರ್, 100 ದಿನಕ್ಕೆ ಮುಗಿಯಿತು. ಒಂದೇ ಅಂಕಿ, ಮೂರು ಪಟ್ಟು ವ್ಯತ್ಯಾಸ. ಪುಟದಲ್ಲಿ ಸ್ಪಷ್ಟವಿಲ್ಲದಿದ್ದರೆ ಮಾರುವವರನ್ನು ಇದೊಂದು ಪ್ರಶ್ನೆ ಕೇಳಿ ನೋಡಿ. ಅವರಿಗೆ ತಮ್ಮ ಸರಕು ಎಷ್ಟು ಗೊತ್ತು ಎಂಬುದು ಉತ್ತರದಲ್ಲೇ ತಿಳಿಯುತ್ತದೆ.

ನೀರಿನ ಮೂಲವೂ ಗಡುವನ್ನು ಬದಲಿಸುತ್ತದೆ. ಬೆಂಗಳೂರಿನ ಕಾವೇರಿ ನಲ್ಲಿಯ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ, ಅದು ಮೆಂಬ್ರೇನಿನ ಪದರವನ್ನೇ ತಿನ್ನುತ್ತದೆ. ಅದನ್ನು ತಡೆಯುವುದು ಕಾರ್ಬನ್ ಫಿಲ್ಟರ್, ಹಾಗಾಗಿ ಅಂಥ ಮನೆಗಳಲ್ಲಿ ಅದರ ಗಡುವು ಮೀರಿಸಬಾರದು. ಬೋರ್‌ವೆಲ್ ಮನೆಗಳಲ್ಲಿ ಕ್ಲೋರಿನ್ ಕಾಟವಿಲ್ಲ, ಸುಣ್ಣದ್ದೇ ಕಾಟ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಕೆಸರಿನಿಂದ ಸೆಡಿಮೆಂಟ್ ಫಿಲ್ಟರ್ ಮೊದಲು ಕಟ್ಟಿಕೊಳ್ಳುತ್ತದೆ. ಮೂರಕ್ಕೂ ಸೇರಿಸಿ ಒಂದೇ ಗಡುವು ಬರೆದ ಸೆಟ್ಟು ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅನೇಕ ಯಂತ್ರಗಳ ಕೆಂಪು ದೀಪವೂ ಓಡಿದ ಸಮಯವನ್ನೋ ಲೀಟರನ್ನೋ ಎಣಿಸುತ್ತದೆ, ಫಿಲ್ಟರಿನ ಹೊಟ್ಟೆಯೊಳಗೆ ಇಣುಕಿ ನೋಡುವುದಿಲ್ಲ.

ಈಗ ಮತ್ತೆ 1812-75 ಹಾಕಿಸಿದ್ದೇನೆ, ರಿಸ್ಟ್ರಿಕ್ಟರ್ 300ರದ್ದೇ ಇದೆ. ಮೆಂಬ್ರೇನಿನ ಕವಚದ ಮೇಲೆ ಮಾರ್ಕರಿನಲ್ಲಿ ಹಾಕಿದ ತಾರೀಕು, ಅದರ ಕೆಳಗೆ ‘820–61’ ಎಂದು ಬರೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ ಅಳೆದು ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಸೇರಿಸುತ್ತೇನೆ. ಮೊನ್ನೆ ಸರ್ವೀಸಿಗೆ ಬಂದ ಹುಡುಗ ‘ಸರ್, ವರ್ಷ ಆಯ್ತು, ಮೆಂಬ್ರೇನ್ ಚೇಂಜ್ ಮಾಡ್ಬೇಕು’ ಎನ್ನುತ್ತ ಮುಚ್ಚಳ ತೆಗೆದ. ಸಾಲಿನ ಕೊನೆಯ ಅಂಕಿ 74 ಇತ್ತು. ಅದನ್ನು ಓದಿ, ಸೆಡಿಮೆಂಟ್ ಫಿಲ್ಟರ್ ಒಂದನ್ನೇ ಬದಲಿಸಿ ಹೋದ.